ಬಿಲ್ಲಿಂಗ್ ಆ್ಯಪ್‌ನ ಪ್ಲಾನ್‌ನಲ್ಲಿ ಬೌದ್ಧಿಕ ಆಸ್ತಿಯ ಪುಟ: ಕೋಡ್ ಯಾರದು, ಹೆಸರು ಯಾರದು?

ಪ್ರಶ್ನೆ: ಕಿರಾಣಿ ಅಂಗಡಿಗಳಿಗೆ ಕನ್ನಡದಲ್ಲೇ ಬಿಲ್ ಕೊಡುವ ಆ್ಯಂಡ್ರಾಯ್ಡ್ ಆ್ಯಪ್ ಮಾಡಿದ್ದೇವೆ, ನಾವು ಮೂರು ಜನ. ಮೊದಲ ವರ್ಷನ್ ಒಬ್ಬ ಫ್ರೀಲಾನ್ಸರ್ ಬರೆದುಕೊಟ್ಟಿದ್ದು, ಮಾತೆಲ್ಲ ವಾಟ್ಸಾಪ್‌ನಲ್ಲೇ ಆಗಿದ್ದು, ದುಡ್ಡು ಪೂರ್ತಿ ಕೊಟ್ಟಾಗಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಹೋದ ತಿಂಗಳು ನೋಂದಣಿ ಆಯ್ತು. ಹೂಡಿಕೆದಾರರು ಪ್ಲಾನ್‌ನಲ್ಲಿ ಬೌದ್ಧಿಕ ಆಸ್ತಿ, ಟ್ರೇಡ್‌ಮಾರ್ಕ್, ಲೈಸೆನ್ಸ್ ಭಾಗ ಕೇಳುತ್ತಿದ್ದಾರೆ. ಏನು ಬರೆಯೋದು?

ಉತ್ತರ:

ಮೊದಲು ಫ್ರೀಲಾನ್ಸರ್ ವಿಷಯ ಸರಿಮಾಡಿಕೊಳ್ಳಿ, ಪ್ಲಾನ್ ಬರೆಯುವುದು ಆಮೇಲೆ. ನೀವು ಹೇಳಿದ ಪ್ರಕಾರ ಆ ಮೊದಲ ವರ್ಷನ್‌ನ ಕೋಡ್ ಇವತ್ತಿಗೆ ನಿಮ್ಮ ಕಂಪನಿಯದ್ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಒಡೆಯರು. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರಿಗೆ ಸೇರುತ್ತದೆ. ಫ್ರೀಲಾನ್ಸರ್ ನೌಕರರಲ್ಲ. ದುಡ್ಡು ಕೊಟ್ಟು ತೆಗೆಸಿದ ಫೋಟೋದಂಥ ಕೆಲವಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಸಾಫ್ಟ್‌ವೇರ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಹಣ ಪಾವತಿಯಾದ ರಸೀದಿ ಇದ್ದರೆ ಆ್ಯಪ್ ಬಳಸಲು ಒಪ್ಪಿಗೆ ಇತ್ತೆಂದು ವಾದಿಸಬಹುದು, ಒಡೆತನ ಬಂತೆಂದು ಹೇಳಲಾಗದು.

ಇದೇ ತೊಂದರೆ ನಿಮ್ಮ ಮೂವರಿಗೂ ಇದೆ. ಕಂಪನಿ ಹುಟ್ಟುವ ಮೊದಲು ನೀವು ಬರೆದ ಕೋಡ್ ನಿಮ್ಮ ನಿಮ್ಮ ಹೆಸರಿನಲ್ಲೇ ಉಳಿದಿದೆ. ಯಾರಾದರೂ ಆಗ ಬೇರೆ ಕಡೆ ನೌಕರಿಯಲ್ಲಿದ್ದರೆ ಅವರ ನೇಮಕಾತಿ ಪತ್ರ ತೆಗೆದು ಓದಿ, ನೌಕರಿಯ ಅವಧಿಯಲ್ಲಿ ಮಾಡಿದ್ದೆಲ್ಲ ಆ ಕಂಪನಿಗೇ ಸೇರುತ್ತದೆ ಎಂಬ ಷರತ್ತು ಅದರಲ್ಲಿ ಇರಬಹುದು.

ಕೋಡ್ ಮುಟ್ಟಿದವರು ಯಾರ್‍ಯಾರು ಎಂದು ನೆನಪಿನಿಂದ ಬರೆಯಬೇಡಿ. ರೆಪಾಸಿಟರಿಯಲ್ಲಿ ಇದನ್ನು ಓಡಿಸಿ:

```
git shortlog -sne --all
git rev-parse HEAD
```

ಮೊದಲನೆಯದು ಎಲ್ಲ ಬರಹಗಾರರ ಹೆಸರು, ಇಮೇಲ್, ಕಮಿಟ್‌ಗಳ ಎಣಿಕೆ ಕೊಡುತ್ತದೆ. ಎರಡು ತಿಂಗಳು ಬಂದುಹೋದ ಇಂಟರ್ನ್ ಹೆಸರು ಸಿಗುವುದು ಇಲ್ಲೇ. ಆದರೆ ಫ್ರೀಲಾನ್ಸರ್ ಜಿಪ್ ಫೈಲ್ ಕಳಿಸಿ ನೀವೇ ಕಮಿಟ್ ಮಾಡಿದ್ದರೆ ಅವರ ಹೆಸರು ಇದರಲ್ಲಿ ಬರುವುದಿಲ್ಲ, ಅದನ್ನು ಕೈಯಾರೆ ಸೇರಿಸಿ. ಲೋಗೋ, ಐಕಾನ್ ಬಿಡಿಸಿದವರನ್ನೂ ಮರೆಯಬೇಡಿ.

ಪಟ್ಟಿಯಲ್ಲಿರುವ ಹೊರಗಿನವರೊಬ್ಬೊಬ್ಬರಿಂದಲೂ, ನಿಮ್ಮ ಮೂವರಿಂದಲೂ, ಕಂಪನಿಯ ಹೆಸರಿಗೆ ಹಕ್ಕು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಲಿಖಿತವಾಗಿರಬೇಕು, ಹಕ್ಕು ಕೊಡುವವರ ಸಹಿ ಇರಬೇಕು. ಹೆಚ್ಚಿನವರು ಎಡವುವುದು ಪತ್ರದ ಒಕ್ಕಣೆಯಲ್ಲಿ. ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. 19(4) ಪ್ರಕಾರ, ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಉಳಿಯುತ್ತದೆ. ಆದ್ದರಿಂದ ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ, 19(4) ಅನ್ವಯಿಸದಂತೆ’ ಎಂಬ ಮೂರೂ ಮಾತು ಪತ್ರದಲ್ಲಿ ಬರಲೇಬೇಕು. ಕೊಟ್ಟ ಮೊತ್ತವನ್ನು ನಮೂದಿಸಿ. ಯಾವ ಕೃತಿ ಎಂದು ಗುರುತಿಸಲು ರೆಪಾಸಿಟರಿಯ ಹೆಸರಿನ ಜೊತೆ ಎರಡನೇ ಕಮಾಂಡ್ ಕೊಡುವ ಕಮಿಟ್ ಸಂಖ್ಯೆಯನ್ನೂ ಹಾಕಿ. ಫ್ರೀಲಾನ್ಸರ್ ಜೊತೆ ಸಂಬಂಧ ಚೆನ್ನಾಗಿರುವಾಗಲೇ ಇದನ್ನು ಮುಗಿಸಿ. ಹೂಡಿಕೆ ಬರುತ್ತಿದೆ ಎಂದು ಗೊತ್ತಾದ ಮೇಲೆ ಅದೇ ಸಹಿಗೆ ಬೆಲೆ ಏರುತ್ತದೆ.

ಇನ್ನು ಹೆಸರು. ಕಂಪನಿ ನೋಂದಣಿಯಲ್ಲಿ ಹೆಸರು ಸಿಕ್ಕಿತು, ಡೊಮೇನ್ ಕೊಂಡೆವು ಎಂದರೆ ಟ್ರೇಡ್‌ಮಾರ್ಕ್ ಸಿಕ್ಕಂತಲ್ಲ. ಹೆಸರಿನ ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. ಆ್ಯಪ್‌ಗೆ ‘ಅಂಗಡಿ ಬಿಲ್’ ಎಂದು ಇಟ್ಟರೆ ಅದು ಸರಕನ್ನೇ ವರ್ಣಿಸುವ ಪದ ಎಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ನಿನಡಿ ಆಕ್ಷೇಪಣೆ ಬರುತ್ತದೆ. ಕನ್ನಡದಲ್ಲಿ ಬರೆದರೆ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡಿ, ಅರ್ಥವನ್ನೂ ನೋಡುತ್ತಾರೆ. ಬಿಲ್ಲಿಗೂ ಅಂಗಡಿಗೂ ಸಂಬಂಧವಿಲ್ಲದ ‘ತೇರು’ ಥರದ ಪದಕ್ಕೆ ಈ ತೊಡಕಿಲ್ಲ, ಅದನ್ನು ಬೇರೆಯವರು ಮೊದಲೇ ಹಿಡಿದಿದ್ದಾರೆಯೇ ಎಂದು ನೋಡಬೇಕು ಅಷ್ಟೆ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಉಚಿತ ಹುಡುಕಾಟದಲ್ಲಿ ಅಕ್ಷರ ಮಾತ್ರವಲ್ಲ, ಉಚ್ಚಾರದಿಂದಲೂ ಹುಡುಕಿ, ಇಂಗ್ಲಿಷ್ ಕಾಗುಣಿತ ಬದಲಿಸಿ ಬದಲಿಸಿ ನೋಡಿ.

ಟ್ರೇಡ್‌ಮಾರ್ಕ್ ಅರ್ಜಿ ಹಾಕುವುದು ಸರಕು, ಸೇವೆಗಳ ವರ್ಗದ ಪ್ರಕಾರ. ನಿಮಗೆ ಬೇಕಾದ ವರ್ಗ ಎರಡು: ಫೋನಿಗೆ ಇಳಿಸಿಕೊಳ್ಳುವ ಆ್ಯಪ್‌ಗೆ 9, ಸರ್ವರ್ ಮೂಲಕ ಕೊಡುವ ಸಾಫ್ಟ್‌ವೇರ್ ಸೇವೆಗೆ 42. ಅರ್ಜಿ ನಮೂನೆ ಟಿಎಂ-ಎ. ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ ಸಾಮಾನ್ಯ ಕಂಪನಿಗೆ ₹9,000. ಸ್ಟಾರ್ಟ್‌ಅಪ್ ಮಾನ್ಯತೆ ಅಥವಾ ಸಣ್ಣ ಉದ್ದಿಮೆಯ ಪ್ರಮಾಣಪತ್ರ ಇದ್ದರೆ ₹4,500. ಅಂದರೆ ಮೊದಲು ಆ ಪ್ರಮಾಣಪತ್ರ ಮಾಡಿಸಿಕೊಂಡರೆ ₹18,000 ಬದಲು ₹9,000 ಸಾಕು. ವ್ಯಕ್ತಿಗಳಿಗೂ ₹4,500 ಇರುವುದರಿಂದ ಒಬ್ಬ ಸ್ಥಾಪಕರ ಹೆಸರಲ್ಲಿ ಹಾಕಿಬಿಡುವುದು ಮಾಮೂಲು. ಅದು ಬೇಡ. ಅವರು ಕಂಪನಿ ಬಿಟ್ಟರೆ ಬ್ರಾಂಡ್ ಅವರ ಜೊತೆ ಹೋಗುತ್ತದೆ. ರಿಜಿಸ್ಟ್ರಿಯಿಂದ ಅರ್ಜಿಯ ಪರೀಕ್ಷಾ ವರದಿ ಬಂದರೆ ಉತ್ತರಕ್ಕೆ ಇರುವುದು 1 ತಿಂಗಳು. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಯಾರಾದರೂ ವಿರೋಧಿಸಲು 4 ತಿಂಗಳು. ನೋಂದಣಿ ಆಗುವವರೆಗೆ ™ ಮಾತ್ರ ಬಳಸಿ, ® ಹಾಕುವುದು ಕಾನೂನಿಗೆ ವಿರುದ್ಧ.

ಪೇಟೆಂಟ್ ಬಗ್ಗೆ ಒಂದೇ ಸಾಲು ಸಾಕು. ಬರೀ ಕಂಪ್ಯೂಟರ್ ಪ್ರೋಗ್ರಾಂ, ಆಲ್ಗಾರಿದಂ, ವ್ಯಾಪಾರದ ವಿಧಾನಕ್ಕೆ ಪೇಟೆಂಟ್ ಕಾಯ್ದೆಯ 3(ಕೆ) ಸೆಕ್ಷನ್ ಪೇಟೆಂಟ್ ಕೊಡುವುದಿಲ್ಲ, ಬಿಲ್ಲಿಂಗ್ ಆ್ಯಪ್ ಬಹುತೇಕ ಅಲ್ಲೇ ಬೀಳುತ್ತದೆ. ತೂಕ ಬರಲೆಂದು ‘ಪೇಟೆಂಟ್ ಪಡೆಯಲಿದ್ದೇವೆ’ ಎಂದು ಸೇರಿಸಬೇಡಿ.

ಲೈಸೆನ್ಸ್ ಭಾಗದಲ್ಲಿ ಹೂಡಿಕೆದಾರರ ಎಂಜಿನಿಯರ್ ಮೊದಲು ನೋಡುವುದು ನೀವು ಹೊರಗಿನಿಂದ ತಂದ ಲೈಬ್ರರಿಗಳನ್ನು. ಒಳಗೊಳಗೇ ಸೇರಿಕೊಂಡವೂ ಕಾಣಲು:

```
./gradlew app:dependencies --configuration releaseRuntimeClasspath
```

ನಿಮ್ಮಂಥ ಆ್ಯಪ್‌ನಲ್ಲಿ ನಾನು ಮೊದಲು ಹುಡುಕುವುದು ಬಿಲ್ಲಿನ ಪಿಡಿಎಫ್ ಮಾಡುವ ಲೈಬ್ರರಿಯನ್ನು. ಐಟೆಕ್ಸ್ಟ್ ಬಹಳ ಪ್ರಸಿದ್ಧ, ಆದರೆ ಅದರ ಉಚಿತ ಆವೃತ್ತಿ ಎಜಿಪಿಎಲ್ ಲೈಸೆನ್ಸಿನದು. ಅದನ್ನು ಆ್ಯಪ್‌ನೊಳಗೆ ಸೇರಿಸಿ ಅಂಗಡಿಯವರಿಗೆ ಕೊಟ್ಟರೆ ಇಡೀ ಆ್ಯಪ್‌ನ ಮೂಲ ಕೋಡ್ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ, ಇಲ್ಲವೇ ಅವರ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಸರ್ವರ್‌ನಲ್ಲಿ ಇಟ್ಟರೂ ನಿಶ್ಚಿಂತೆಯಿಲ್ಲ, ಮಾರ್ಪಡಿಸಿದ ಪ್ರೋಗ್ರಾಂ ಅನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಕೋಡ್ ಸಿಗಬೇಕೆಂಬುದೇ ಎಜಿಪಿಎಲ್‌ನ ವಿಶೇಷ. ಫೋನಿನಲ್ಲಾದರೆ ಆ್ಯಂಡ್ರಾಯ್ಡ್‌ನದೇ `PdfDocument`, ಸರ್ವರ್‌ನಲ್ಲಾದರೆ ಅಪಾಚೆ ಲೈಸೆನ್ಸಿನ ಪಿಡಿಎಫ್‌ಬಾಕ್ಸ್ ಬಳಸಿ ಬದಲಾಯಿಸಬಹುದು.

ಕನ್ನಡದ ಫಾಂಟ್ ಕೂಡ ಲೈಸೆನ್ಸಿನ ವಸ್ತುವೇ. ವಿಂಡೋಸ್‌ನಲ್ಲಿದ್ದ ತುಂಗಾ ಫೈಲನ್ನು ನಕಲು ಮಾಡಿ ಆ್ಯಪ್‌ಗೆ ಸೇರಿಸಿದ್ದರೆ ತೆಗೆಯಿರಿ. ನೋಟೋ ಸ್ಯಾನ್ಸ್ ಕನ್ನಡ ಮುಕ್ತ ಫಾಂಟ್ ಲೈಸೆನ್ಸಿನದು. ಅದನ್ನು ಆ್ಯಪ್ ಜೊತೆ ಹಂಚಬಹುದು, ಲೈಸೆನ್ಸಿನ ಪಠ್ಯ ಜೊತೆಗಿರಬೇಕು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ.

ಪ್ಲಾನ್‌ನಲ್ಲಿ ಇದೆಲ್ಲ ಒಂದು ಪುಟ ಮೀರಬಾರದು, ಆಗಿದ್ದು ಬೇರೆ, ಆಗಬೇಕಾದ್ದು ಬೇರೆ ಎಂದು ಕಾಣಬೇಕು. ಉದಾಹರಣೆಗೆ: ‘ಮೂವರು ಸ್ಥಾಪಕರ ವರ್ಗಾವಣೆ ಪತ್ರಗಳಿಗೆ ಸಹಿಯಾಗಿದೆ. ಫ್ರೀಲಾನ್ಸರ್ ಪತ್ರ ಬಾಕಿಯಿದೆ, ಹೂಡಿಕೆಯ ಹಣ ಬಿಡುಗಡೆಗೆ ಮುಂಚೆ ಪೂರೈಸುತ್ತೇವೆ. ಹೆಸರಿಗೆ 9 ಮತ್ತು 42ನೇ ವರ್ಗದಲ್ಲಿ ಕಂಪನಿಯ ಹೆಸರಲ್ಲೇ ಅರ್ಜಿ ಸಲ್ಲಿಸಿದೆ. ಎಜಿಪಿಎಲ್ ಲೈಬ್ರರಿ ಒಂದಿತ್ತು, ಈ ಆವೃತ್ತಿಯಲ್ಲಿ ತೆಗೆದಿದ್ದೇವೆ.’ ಅರ್ಜಿಯ ಸಂಖ್ಯೆ, ಸಹಿಯ ದಿನಾಂಕ ಸೇರಿಸಿ, ಪತ್ರಗಳ ಪ್ರತಿಗಳನ್ನು ಅನುಬಂಧದಲ್ಲಿಡಿ. ಬಾಕಿ ಇರುವ ಆ ಫ್ರೀಲಾನ್ಸರ್ ಸಾಲನ್ನು ಮುಚ್ಚಿಡಬೇಡಿ. ವಕೀಲರು ದಾಖಲೆ ಪರಿಶೀಲಿಸುವಾಗ ಅದು ಹೇಗೂ ಹೊರಬರುತ್ತದೆ, ಆಗ ಉಳಿದ ಸಾಲುಗಳ ಮೇಲೂ ಅನುಮಾನ ಶುರುವಾಗುತ್ತದೆ.