ದೂರು ಕೊಟ್ಟರೆ ಬಾಕಿ ಕಟ್ಟಿ ಅಂತಾರೆ

“ಮನೆಯ ಇಂಟರ್‌ನೆಟ್ ಮೂರು ವಾರ ಕೆಲಸ ಮಾಡಲಿಲ್ಲ. ಸಂಪರ್ಕ ರದ್ದು ಮಾಡಿ, ಆ ದಿನಗಳ ಹಣ ವಾಪಸ್ ಕೊಡಿ ಎಂದು ಕಂಪನಿಗೆ ಬರೆದೆ. ಉತ್ತರದಲ್ಲಿ ಆ ಮಾತೇ ಇಲ್ಲ. ರೌಟರ್ ಬಾಬ್ತು ಮತ್ತು ಒಂದು ತಿಂಗಳ ಬಿಲ್ಲು ನಾನೇ ಕೊಡಬೇಕಂತೆ. ಅದನ್ನು ಮುರಿದುಕೊಂಡು ಉಳಿದದ್ದು ಕೊಡಿ ಎಂದು ಬರೆದು ಮುಗಿಸಲೇ?”
— ಒಬ್ಬ ಓದುಗರು

ದಯವಿಟ್ಟು ಹಾಗೆ ಬರೆಯಬೇಡಿ. ‘ಮುರಿದುಕೊಳ್ಳಿ’ ಎಂದರೆ ಬಾಕಿ ಇದೆ ಎಂದು ನೀವೇ ಒಪ್ಪಿದಂತೆ ಆಗುತ್ತದೆ. ಸಾಲವನ್ನು ಬರಹದಲ್ಲಿ ಒಪ್ಪಿದರೆ ಅಥವಾ ಸ್ವಲ್ಪ ಕಟ್ಟಿದರೂ ವಸೂಲಿಯ ಕಾಲಮಿತಿ ಹೊಸದಾಗಿ ಶುರುವಾಗುವ ನಿಯಮ ಹಲವು ದೇಶಗಳಲ್ಲಿದೆ. ಹಾಗಂತ ಸುಮ್ನೆ ಇರುವುದೂ ಸರಿಯಲ್ಲ. ನೀವು ತಕರಾರು ಮಾಡಲೇ ಇಲ್ಲ ಎಂದು ನಾಳೆ ಅವರು ಹೇಳಬಹುದು.

ಉತ್ತರದ ಮೊದಲ ಸಾಲಿನಲ್ಲಿ ನಿಮ್ಮ ದೂರೇ ಇರಲಿ. ಹಳೆಯ ದೂರಿನ ಸಂಖ್ಯೆ, ತಾರೀಕು ಹಾಕಿ, “ಇದಕ್ಕೆ ನಿಮ್ಮ ಪತ್ರದಲ್ಲಿ ಉತ್ತರ ಬಂದಿಲ್ಲ, ದೂರು ಹಾಗೇ ಇದೆ” ಎನ್ನಿ. ಸೇವೆ ನಿಂತ ದಿನ, ಕರೆ ಮಾಡಿದ ದಿನಗಳನ್ನು ಮತ್ತೊಮ್ಮೆ ಬರೆಯಿರಿ. ಬಾಕಿಯ ವಿಷಯ ಅದರ ಕೆಳಗೆ, ಬೇರೆ ಪ್ಯಾರಾದಲ್ಲಿ ಬರಲಿ. ಹೆಚ್ಚುಕಮ್ಮಿ ಹೀಗೆ:

“ನೀವು ಹೇಳಿದ ಬಾಕಿಯನ್ನು ನಾನು ಒಪ್ಪುವುದಿಲ್ಲ. ಅದು ಯಾವ ಅವಧಿಯದು, ಕರಾರಿನ ಯಾವ ಷರತ್ತಿನ ಪ್ರಕಾರ, ಲೆಕ್ಕ ಹೇಗೆ, ಬಿಲ್ಲನ್ನು ಮೊದಲು ಕಳಿಸಿದ್ದು ಯಾವಾಗ ಎಂದು ಲಿಖಿತವಾಗಿ ತಿಳಿಸಿ. ಇದು ಇತ್ಯರ್ಥವಾಗುವವರೆಗೆ ವಸೂಲಿ ಏಜೆಂಟರಿಗೆ ಕೊಡಬೇಡಿ, ಸಾಲದ ದಾಖಲೆಗೂ ಸೇರಿಸಬೇಡಿ. ಈ ಬಾಕಿಯ ತೀರ್ಮಾನ ಏನೇ ಆದರೂ ನನ್ನ ಮೂಲ ದೂರು ಬದಲಾಗುವುದಿಲ್ಲ.”

ಬಿಲ್ಲಿನ ತಾರೀಕು ಕೇಳುವುದಕ್ಕೆ ಕಾರಣವಿದೆ. ಅದು ನಿಮ್ಮ ದೂರಿನ ನಂತರದ್ದಾಗಿದ್ದರೆ, ಎರಡೂ ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ಬಿಡಿ, ಸಾಕು. “ಸೇಡು ತೀರಿಸಿಕೊಳ್ಳುತ್ತಿದ್ದೀರಿ” ಎಂದು ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ, ಮಾತೂ ದಾರಿ ತಪ್ಪುತ್ತದೆ. ಅವರು ಕೇಳುತ್ತಿರುವ ತಿಂಗಳು ಸೇವೆ ನಿಂತಿದ್ದ ತಿಂಗಳೇ ಆಗಿದ್ದರೆ ಮಾತ್ರ ಅದನ್ನು ಬಿಡಿಸಿ ಹೇಳಿ. ಆಗ ಅವರ ಬಿಲ್ಲೇ ನಿಮ್ಮ ದೂರಿಗೆ ಸಾಕ್ಷಿ, ಅಲ್ವಾ?

ರೌಟರ್ ಇನ್ನೂ ನಿಮ್ಮ ಬಳಿಯೇ ಇದೆಯೇ? ಅದು ಕಂಪನಿಯದಾಗಿದ್ದರೆ ಈ ಒಂದು ವಿಷಯದಲ್ಲಿ ಅವರ ಮಾತಿಗೆ ಬಲವಿದೆ. ವಾಪಸ್ ಕೊಟ್ಟು ರಸೀದಿ ಪಡೆಯಿರಿ. ರಸೀದಿಯಲ್ಲಿ ರೌಟರಿನ ಸೀರಿಯಲ್ ನಂಬರ್ ಇರಲಿ. ನಿಜವಾಗಿ ಕೊಡಬೇಕಾದ್ದು ಏನಾದರೂ ಇದ್ದರೆ ಅಷ್ಟನ್ನೇ ಕಟ್ಟಿ, ಯಾವುದರ ಬಾಬ್ತು ಎಂದು ಬರೆದು ಕಟ್ಟಿ.

ಅವರು ಫೋನ್ ಮಾಡಿ “ಅರ್ಧ ಕಟ್ಟಿ, ಮುಗಿಸೋಣ” ಅನ್ನಬಹುದು. ಲಿಖಿತವಾಗಿ ಕಳಿಸಿ ಎಂದು ಹೇಳಿ, ಅದೇ ದಿನ ಆ ಮಾತುಕತೆಯನ್ನು ಅವರಿಗೇ ಮೇಲ್ ಮಾಡಿ. ಬರೆದು ಕಳಿಸಿದರೆ, ಅದರಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಸಾಲು ಇದೆಯಾ ನೋಡಿ. ಅದಕ್ಕೆ ಒಪ್ಪಿದರೆ ಮೂರು ವಾರದ ಹಣವನ್ನೂ ಬಿಟ್ಟುಕೊಟ್ಟಂತೆ ಆಗಬಹುದು.