ಕಾರು ಒಂದು, ಲೆಕ್ಕ ನಾಲ್ಕು

*ಪ್ರಶ್ನೆ: ನಾವು ನಾಲ್ವರು ಸಹೋದ್ಯೋಗಿಗಳು ಒಂದೇ ಕಾರಿನಲ್ಲಿ ಪೀಣ್ಯಕ್ಕೆ ಹೋಗುತ್ತೇವೆ. ಕಾರಿನವರೂ ಇನ್ನೊಬ್ಬರೂ ತುಮಕೂರಿನಿಂದ ಹೊರಡುತ್ತಾರೆ. 24 ಕಿ.ಮೀ. ಆದಮೇಲೆ ದಾಬಸ್‌ಪೇಟೆಯಲ್ಲಿ ಒಬ್ಬರು, ಮತ್ತೆ 20 ಕಿ.ಮೀ. ಆದಮೇಲೆ ನೆಲಮಂಗಲದಲ್ಲಿ ನಾನು ಹತ್ತುತ್ತೇವೆ. ನನ್ನದು ಬರೀ 16 ಕಿ.ಮೀ. ಆದರೂ ಪೆಟ್ರೋಲಿಗೆ ಎಲ್ಲರದೂ ಸಮಪಾಲು. ಇದು ಸರಿಯೇ? — ಓದುಗರು, ನೆಲಮಂಗಲ*

ಸರಿಯಲ್ಲ. ಆದರೆ ನಾಳೆ ಬೆಳಗ್ಗೆಯೇ ಕಾರಿನಲ್ಲಿ ಜಗಳ ತೆಗೆಯಬೇಡಿ. ಮೊದಲು ಒಂದು ಕಿಲೋಮೀಟರಿಗೆ ನಿಜವಾಗಿ ಎಷ್ಟು ಪೆಟ್ರೋಲ್ ಖರ್ಚಾಗುತ್ತದೆ ಅಂತ ನೋಡಿ. ಕಂಪನಿ ಹೇಳುವ ಮೈಲೇಜ್ ಬೇಡ, ಕಾರಿನವರ ಅಂದಾಜೂ ಬೇಡ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳಿ. ಕೆಲವು ದಿನ ಓಡಿಸಿ, ಅದೇ ಬಂಕಿನಲ್ಲಿ, ಪಂಪ್ ತಾನಾಗಿ ನಿಲ್ಲುವ ತನಕ ಮತ್ತೆ ತುಂಬಿಸಿ. 540 ಕಿ.ಮೀ. ಓಡಿದ ಮೇಲೆ 36 ಲೀಟರ್ ಹಿಡಿಸಿತು ಅಂದುಕೊಳ್ಳಿ. ಆಗ ಲೀಟರಿಗೆ 15 ಕಿ.ಮೀ. ಬಂತು. ಪೆಟ್ರೋಲ್ 102 ರೂಪಾಯಿ ಇದ್ದರೆ ಕಿಲೋಮೀಟರಿಗೆ 6.80.

ಈಗ ದಾರಿಯನ್ನು ಮೂರು ತುಂಡು ಮಾಡಿ. ಯಾವ ತುಂಡಿನಲ್ಲಿ ಯಾರು ಕೂತಿದ್ದಾರೋ ಅವರೇ ಅದರ ಖರ್ಚು ಹಂಚಿಕೊಳ್ಳಲಿ. ದಾಬಸ್‌ಪೇಟೆ ತನಕ 163.20 ರೂಪಾಯಿ, ಅದು ಇಬ್ಬರಿಗೆ. ನೆಲಮಂಗಲ ತನಕ 136, ಮೂವರಿಗೆ. ಅಲ್ಲಿಂದ ಪೀಣ್ಯಕ್ಕೆ 108.80, ನಾಲ್ವರಿಗೆ. ನಿಮ್ಮ ಪಾಲು 27.20. ದಾಬಸ್‌ಪೇಟೆಯವರದು ಸುಮಾರು 72.50. ತುಮಕೂರಿನವರದು ತಲಾ 154ರ ಹತ್ತಿರ. ಸಮಪಾಲಿನಲ್ಲಿ ನೀವು ಒಂದು ಕಡೆಗೆ 102 ಕೊಡುತ್ತಿದ್ದಿರಿ!

ತುಮಕೂರಿನವರು ಇದಕ್ಕೆ ಒಪ್ಪದೆಯೂ ಇರಬಹುದು. ‘ಬೆಳಗ್ಗೆ ಬೇಗ ಎದ್ದು ಹೊರಡೋರು ನಾವು, ಜಾಸ್ತಿ ಕೊಡೋರೂ ನಾವೇನಾ?’ ಅನ್ನುವ ಮಾತಿನಲ್ಲೂ ಅರ್ಥವಿದೆ. ಹಾಗಿದ್ದರೆ ಇನ್ನೊಂದು ದಾರಿ ಇದೆ. ನಾಲ್ವರ ಪ್ರಯಾಣದ ಕಿಲೋಮೀಟರುಗಳನ್ನು ಕೂಡಿಸಿ: 60, 60, 36, 16, ಒಟ್ಟು 172. ಇಡೀ ದಾರಿಯ ಖರ್ಚು 408 ರೂಪಾಯಿಯನ್ನು ಇದರಿಂದ ಭಾಗಿಸಿದರೆ ತಲೆಗೆ ಕಿಲೋಮೀಟರಿಗೆ ಸುಮಾರು 2.37. ನಿಮಗೆ 38 ರೂಪಾಯಿ ಬೀಳುತ್ತದೆ. ನನ್ನ ಓಟು ಇದಕ್ಕೇ. ದರ ಎಲ್ಲರಿಗೂ ಒಂದೇ, ಕಾರಿನವರಿಗೂ ಸ್ವಲ್ಪ ಹಗುರ. ಸರ್ವೀಸು, ಟೈರು, ವಿಮೆ ಎಲ್ಲ ಅವರ ತಲೆಯ ಮೇಲೇ ಇದೆ, ಅಲ್ವಾ?

ಹಾಗಂತ ಖರ್ಚಿಗಿಂತ ಜಾಸ್ತಿ ವಸೂಲಿ ಬೇಡ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ಲಾಭ ಮಾಡಿಕೊಂಡರೆ ಅಪಘಾತವಾದಾಗ ವಿಮೆಯವರೂ ತಕರಾರು ತೆಗೆಯಬಹುದು.

ಟೋಲನ್ನು ಪೆಟ್ರೋಲಿನ ಜೊತೆ ಸೇರಿಸಬೇಡಿ. ಕ್ಯಾತ್ಸಂದ್ರದ ಕಡೆಯ ಟೋಲ್ ದಾಟುವಾಗ ನೀವು ಕಾರಿನಲ್ಲೇ ಇಲ್ಲ, ಅದು ತುಮಕೂರಿನವರಿಬ್ಬರದು. ನೀವು ಹತ್ತಿದ ಮೇಲೆ ಸಿಗುವ ಟೋಲು ನಾಲ್ವರದೂ.

ರಜೆಯ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ಒಬ್ಬರು ಬರದಿದ್ದರೂ ಪೆಟ್ರೋಲೇನೂ ಅಷ್ಟಾಗಿ ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ಹೇಳಿದರೆ ಮಾಫಿ, ಬೆಳಗ್ಗೆ ಕಾರು ಬಂದು ನಿಂತ ಮೇಲೆ ಹೇಳಿದರೆ ಪಾಲು ಕೊಡಬೇಕು. ಇನ್ನು, ನಿಮ್ಮನ್ನು ಹತ್ತಿಸಿಕೊಳ್ಳಲು ಕಾರು ಹೆದ್ದಾರಿ ಬಿಟ್ಟು ಊರೊಳಗೆ ಬರುತ್ತಿದ್ದರೆ ಆ ಸುತ್ತಿನ ಖರ್ಚು ಪೂರ್ತಿ ನಿಮ್ಮದು. ಸರ್ವೀಸ್ ರಸ್ತೆಗೆ ನೀವೇ ನಡೆದು ಬಂದು ನಿಂತರೆ ಅದೂ ಇಲ್ಲ.