ಹೀಪ್ ಕೊಡುವ ಮಾತು ಒಂದೇ

ಪ್ರಶ್ನೆ: ಪೈತಾನ್‌ನ `heapq` ಬಳಸಿ, ತುರ್ತಿನ ಕೆಲಸ ಮೊದಲು ಬರುವಂತೆ ಪ್ರಯಾರಿಟಿ ಕ್ಯೂ ಮಾಡಿದ್ದೇನೆ. ಸಣ್ಣ ಸಂಖ್ಯೆ ಎಂದರೆ ಹೆಚ್ಚು ತುರ್ತು. ಪಟ್ಟಿಯನ್ನು ಪ್ರಿಂಟ್ ಮಾಡಿದರೆ `[2, 5, 3, 9, 6, 8, 4]` ಎಂದು ಬರುತ್ತಿದೆ, ಅನುಕ್ರಮವೇ ಇಲ್ಲ. ಎಲ್ಲಿ ತಪ್ಪಿದ್ದೇನೆ? ಇದನ್ನು ನಂಬಿ ಬಳಸಬಹುದೇ?

ಉತ್ತರ:

ನೀವು ಎಲ್ಲಿಯೂ ತಪ್ಪಿಲ್ಲ. ಪಟ್ಟಿ ಇರಬೇಕಾದ ಹಾಗೆಯೇ ಇದೆ. ಹೀಪ್ ಎಂದರೆ ಸಾಲಾಗಿ ಜೋಡಿಸಿಟ್ಟ ಪಟ್ಟಿ ಎಂದುಕೊಂಡದ್ದರಿಂದ ಈ ಗೊಂದಲ ಹುಟ್ಟಿದೆ. ಹೀಪ್ ಅಂಥ ಭರವಸೆಯನ್ನು ಕೊಡುವುದಿಲ್ಲ. ಅದು ಕೊಡುವ ಮಾತು ಒಂದೇ: ಯಾವ ತಾಯಿಯೂ ತನ್ನ ಮಕ್ಕಳಿಗಿಂತ ದೊಡ್ಡ ಸಂಖ್ಯೆಯಾಗಿರುವುದಿಲ್ಲ.

ಈ ತಾಯಿ ಮಕ್ಕಳು ಕಾಣಬೇಕಾದರೆ ಪಟ್ಟಿಯನ್ನು ಮರವಾಗಿ ಓದಬೇಕು. 0ನೇ ಸ್ಥಾನದಲ್ಲಿರುವುದು ತುದಿ. `i`ನೇ ಸ್ಥಾನದಲ್ಲಿರುವ ತಾಯಿಯ ಮಕ್ಕಳು `2*i + 1` ಮತ್ತು `2*i + 2` ಸ್ಥಾನಗಳಲ್ಲಿರುತ್ತಾರೆ. ನಿಮ್ಮ ಪಟ್ಟಿಯನ್ನು ಹಾಗೆ ಬರೆದರೆ ಹೀಗೆ ಕಾಣುತ್ತದೆ:

```
        2
      /   \
     5     3
    / \   / \
   9   6 8   4
```

5ರ ಕೆಳಗೆ 9 ಮತ್ತು 6, 3ರ ಕೆಳಗೆ 8 ಮತ್ತು 4. ಎಲ್ಲ ಕಡೆಯೂ ಮಾತು ಉಳಿದಿದೆ. ಒಡಹುಟ್ಟಿದ 5 ಮತ್ತು 3ರಲ್ಲಿ ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬ ಕಟ್ಟುಪಾಡಿಲ್ಲ. ಕೆಳಗಿನ ಸಾಲಿನ 4, ಮೇಲಿನ ಸಾಲಿನ 5ಕ್ಕಿಂತ ಚಿಕ್ಕದಾಗಿದ್ದರೂ ತೊಂದರೆಯಿಲ್ಲ, ಏಕೆಂದರೆ ಅದು 5ರ ಮಗುವಲ್ಲ. ಆದರೆ ಯಾವುದೇ ಸಂಖ್ಯೆಯಿಂದ ಹೊರಟು ತಾಯಿ, ತಾಯಿಯ ತಾಯಿ ಎಂದು ಹತ್ತುತ್ತ ಹೋದರೆ ಸಂಖ್ಯೆ ಎಲ್ಲಿಯೂ ಹೆಚ್ಚುವುದಿಲ್ಲ, ಮತ್ತು ಎಲ್ಲ ದಾರಿಗಳೂ ತುದಿಯಲ್ಲೇ ಮುಗಿಯುತ್ತವೆ. ಆದ್ದರಿಂದ ತುದಿಯಲ್ಲಿರುವುದೇ ಅತ್ಯಂತ ಚಿಕ್ಕದು. ಪ್ರಯಾರಿಟಿ ಕ್ಯೂವನ್ನು ನಾವು ಕೇಳುವುದು "ಮುಂದಿನದು ಯಾವುದು?" ಎಂಬ ಒಂದೇ ಪ್ರಶ್ನೆ. ಪೂರ್ತಿ ಜೋಡಿಸಿಟ್ಟರೆ ಐದನೆಯದು ಯಾವುದು, ಐನೂರನೆಯದು ಯಾವುದು ಎಂಬ, ಯಾರೂ ಕೇಳದ ಪ್ರಶ್ನೆಗಳಿಗೂ ಉತ್ತರ ಸಿದ್ಧಮಾಡಿದಂತಾಗುತ್ತದೆ. 1964ರಲ್ಲಿ ಜೆ. ಡಬ್ಲ್ಯೂ. ಜೆ. ವಿಲಿಯಮ್ಸ್ ಹೀಪ್ ಅನ್ನು ಪ್ರಕಟಿಸಿದಾಗಿನಿಂದ ಇಂದಿನವರೆಗೆ ಅದರ ಬಲವಿರುವುದು ಈ ಮಿತವ್ಯಯದಲ್ಲಿ. (ಪ್ರೋಗ್ರಾಮಿನ ಮೆಮೊರಿಗೂ 'ಹೀಪ್' ಎಂಬ ಹೆಸರಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.)

ಈಗ ಒಂದು ಹೊಸ ದೂರು ಬರಲಿ. ದೂರು ಎಂದೆ, ಏಕೆಂದರೆ ನಾನು ಇದನ್ನು ಸರಿಯಾಗಿ ಕಲಿತದ್ದು ಮಂಗಳೂರಿನ ಒಂದು ಕಚೇರಿಗೆ ಮಳೆಗಾಲದ ವಿದ್ಯುತ್ ದೂರುಗಳನ್ನು ದಾಖಲಿಸುವ ಪ್ರೋಗ್ರಾಂ ಬರೆದುಕೊಡುವಾಗ. ಆಟಿಯ ಮಳೆಯಲ್ಲಿ ತೆಂಗಿನ ಗರಿಯೋ ಹಲಸಿನ ಕೊಂಬೆಯೋ ತಂತಿಯ ಮೇಲೆ ಬಿದ್ದರೆ ಫೋನು ಸುಮ್ಮನಿರುವುದಿಲ್ಲ. ಒಂದು ಮನೆಯಲ್ಲಿ ಕರೆಂಟಿಲ್ಲ ಎಂಬುದೂ ದೂರೇ, ಕಡಿದ ತಂತಿ ರಸ್ತೆಯ ನೀರಿನಲ್ಲಿ ಬಿದ್ದಿದೆ ಎಂಬುದೂ ದೂರೇ. ಎರಡನೆಯದನ್ನು ಸರತಿಯ ಕಡೆಯಲ್ಲಿ ನಿಲ್ಲಿಸುವಂತಿಲ್ಲ.

ತಂತಿ ಬಿದ್ದ ದೂರಿಗೆ 1 ಎಂದು ಕೊಟ್ಟು ನಿಮ್ಮ ಪಟ್ಟಿಗೆ ಸೇರಿಸೋಣ. ಅದು ಮೊದಲು ಕೊನೆಗೆ, ಅಂದರೆ 7ನೇ ಸ್ಥಾನಕ್ಕೆ, ಹೋಗಿ ಕುಳಿತುಕೊಳ್ಳುತ್ತದೆ. ಅಲ್ಲಿ ಅದರ ತಾಯಿ 9. ತಾಯಿ ದೊಡ್ಡದಾದ್ದರಿಂದ ಎರಡೂ ಜಾಗ ಬದಲಿಸುತ್ತವೆ. ಈಗ ತಾಯಿ 5, ಮತ್ತೆ ಅದಲುಬದಲು. ಬಳಿಕ ತಾಯಿ 2, ಮತ್ತೊಮ್ಮೆ. ಮೂರೇ ಹೆಜ್ಜೆಗೆ ತಂತಿಯ ದೂರು ತುದಿಗೇರಿತು ಮತ್ತು ಪಟ್ಟಿ `[1, 2, 3, 5, 6, 8, 4, 9]` ಆಯಿತು. ಬಲಗಡೆಯ 3, 8, 4 ಕದಲಲೇ ಇಲ್ಲ ಎಂಬುದನ್ನು ಗಮನಿಸಿ.

ತೆಗೆಯುವಾಗ ದಾರಿ ತಿರುಗುಮುರುಗು. ತುದಿಯ 1 ಲೈನ್‌ಮ್ಯಾನ್ ಕೈಗೆ ಹೋಯಿತು. ಖಾಲಿಯಾದ ತುದಿಗೆ ಪಟ್ಟಿಯ ಕೊನೆಯ 9 ಬರುತ್ತದೆ. ಅದು ಅಲ್ಲಿರಲು ತಕ್ಕದ್ದಲ್ಲ, ಇಳಿಯಬೇಕು. ಅದರ ಮಕ್ಕಳು 2 ಮತ್ತು 3. ಜಾಗ ಬದಲಿಸಬೇಕಾದದ್ದು ಚಿಕ್ಕ ಮಗುವಿನೊಡನೆ. ಕೈಯಾರೆ ಹೀಪ್ ಬರೆಯುವವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. 3ರೊಡನೆ ಬದಲಿಸಿದರೆ 3 ತಾಯಿಯಾಗಿ 2 ಅದರ ಮಗುವಾಗುತ್ತದೆ, ಕೊಟ್ಟ ಮಾತು ಮುರಿಯುತ್ತದೆ. 2ರೊಡನೆ ಬದಲಿಸಿ, ಮುಂದೆ 5 ಮತ್ತು 6ರಲ್ಲಿ 5ರೊಡನೆ ಬದಲಿಸಿದರೆ 9 ತಳ ಸೇರುತ್ತದೆ. ಪಟ್ಟಿ ಮತ್ತೆ ನಿಮ್ಮ `[2, 5, 3, 9, 6, 8, 4]`.

ಪ್ರತಿ ಸಾಲಿನಲ್ಲಿ ಹಿಂದಿನ ಸಾಲಿನ ಇಮ್ಮಡಿ ಜಾಗ ಇರುವುದರಿಂದ 10 ಲಕ್ಷ ದೂರುಗಳೂ 20 ಸಾಲುಗಳಲ್ಲಿ ಹಿಡಿಯುತ್ತವೆ. ಅಷ್ಟು ದೊಡ್ಡ ಪಟ್ಟಿಗೆ ಒಂದು ಹೊಸ ದೂರು ಸೇರಿಸಲು ಹೆಚ್ಚೆಂದರೆ 19 ಹೋಲಿಕೆ ಸಾಕು. ನಿಜ ಹೇಳಬೇಕೆಂದರೆ, ನೂರಿನ್ನೂರು ದೂರುಗಳ ಕಚೇರಿಗೆ ಪ್ರತಿ ಸಲ ಜೋಡಿಸಿದರೂ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ನಂಬಬಹುದೇ ಎಂಬ ಮಾತು. ಹೀಪ್ ಹೇಳಿದ್ದನ್ನು ನಂಬಬಹುದು, ಹೇಳದೇ ಇದ್ದುದನ್ನು ನಂಬಬಾರದು. ಇದನ್ನು ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ನಾನು ಹೀಪ್‌ಗೆ `(2, "Urwa")`, `(2, "Attavar")` ಎಂಬಂತೆ ಜೋಡಿಗಳನ್ನು ಹಾಕುತ್ತಿದ್ದೆ. ಮೊದಲು ತುರ್ತಿನ ಸಂಖ್ಯೆ, ಆಮೇಲೆ ಊರಿನ ಹೆಸರು. ಒಂದು ವಾರ ಎಲ್ಲವೂ ಸರಿಯಾಗಿ ನಡೆಯಿತೆಂದೇ ಅಂದುಕೊಂಡಿದ್ದೆ. ಒಂದು ದಿನ ಫೋನಿನ ಬಳಿ ಕೂರುವ ಅಕ್ಕ ಕರೆದು, "ಅಲ್ಲ ಮಾರಾಯರೇ, ಉರ್ವದವರು ಬೆಳಿಗ್ಗೆಯೇ ಫೋನು ಮಾಡಿದ್ದಾರೆ. ಅತ್ತಾವರದವರು ಈಗಷ್ಟೇ ಮಾಡಿದ್ದು. ಅವರದ್ದು ಮೊದಲು ಬರುವುದು ಯಾವ ನ್ಯಾಯ?" ಎಂದು ಕೇಳಿದರು. ಎರಡೂ ಟ್ರಾನ್ಸ್‌ಫಾರ್ಮರ್ ದೂರುಗಳೇ, ಎರಡಕ್ಕೂ 2. ಮೊದಲ ಸಂಖ್ಯೆ ಸಮವಾದಾಗ ಪೈತಾನ್ ಎರಡನೆಯದನ್ನು ಹೋಲಿಸುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ `A` ಮೊದಲು, `U` ಕಡೆಗೆ. ಒಂದು ವಾರ ಪೂರ್ತಿ ಅತ್ತಾವರ, ಬೋಳಾರ, ಕದ್ರಿಗಳು ಮುಂದಾಗಿ, ಉರ್ವದ ಜನ ತಮ್ಮ ಊರಿನ ಹೆಸರಿನ ಕಾರಣಕ್ಕೆ ಕತ್ತಲಲ್ಲಿ ಕಾದಿದ್ದರು. ಪ್ರೋಗ್ರಾಂ ಒಮ್ಮೆಯೂ ನಿಂತಿರಲಿಲ್ಲ, ಯಾವ ದೋಷವನ್ನೂ ತೋರಿಸಿರಲಿಲ್ಲ. ಆ ಅಕ್ಕ ಗಮನಿಸದೇ ಇದ್ದಿದ್ದರೆ ಇಡೀ ಮಳೆಗಾಲ ಹಾಗೆಯೇ ಸಾಗುತ್ತಿತ್ತು. ಅದನ್ನು ನೆನೆದರೆ ಇಂದಿಗೂ ನನಗೆ ನೋವಾಗುತ್ತದೆ. ಹೆಸರಿನ ಬದಲು ಡಿಕ್ಷನರಿ ಇಟ್ಟಿದ್ದರೆ ಸಮ ತುರ್ತಿನ ಎರಡು ದೂರುಗಳನ್ನು ಮೊದಲ ಸಲ ಹೋಲಿಸಿದಾಗಲೇ `TypeError` ಬಂದು ತಪ್ಪು ಅಂದೇ ತಿಳಿಯುತ್ತಿತ್ತು.

ತುರ್ತು ಸಮವಾಗಿದ್ದಾಗ ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಹೀಪ್‌ನಲ್ಲಿ ತಾನಾಗಿ ಇಲ್ಲ. ಬೇಕಿದ್ದರೆ ನಾವೇ ನಡುವೆ ಕ್ರಮಸಂಖ್ಯೆಯನ್ನು ಇಡಬೇಕು:

```python
import heapq
from itertools import count

heap = []
serial = count()

def add(level, complaint):
    heapq.heappush(heap, (level, next(serial), complaint))
```

ಕ್ರಮಸಂಖ್ಯೆ ಎಂದೂ ಮರುಕಳಿಸದ ಕಾರಣ ಹೋಲಿಕೆ ಮೂರನೆಯದರವರೆಗೆ ಹೋಗುವುದೇ ಇಲ್ಲ. ಅಲ್ಲಿ ಡಿಕ್ಷನರಿಯೂ ಇರಬಹುದು, ಏನೂ ಇರಬಹುದು.

ಇದಾದ ಮೇಲೂ ಒಂದು ಕೊರತೆ ಉಳಿಯಿತು. ಗಾಳಿಮಳೆಯ ದಿನ 2ರ ದೂರುಗಳು ಬರುತ್ತಲೇ ಇದ್ದರೆ, ಒಂದೇ ಮನೆಯ ದೂರಿಗೆ, ಅಂದರೆ 3ಕ್ಕೆ, ಸರದಿ ಬರುವುದೇ ಇಲ್ಲ. ನಾನು ಕಂಡುಕೊಂಡ ದಾರಿ ಹೀಗೆ: ತುರ್ತಿನ ದರ್ಜೆಯ ಬದಲು ಗಡುವನ್ನು ಕೀಲಿಯಾಗಿ ಇಡುವುದು. ದೂರು ಬಂದ ಸಮಯಕ್ಕೆ, ಟ್ರಾನ್ಸ್‌ಫಾರ್ಮರ್ ಆದರೆ 60 ನಿಮಿಷ, ಒಂದು ಮನೆಯಾದರೆ 240 ನಿಮಿಷ ಕೂಡಿಸಿದೆ. ಮಧ್ಯಾಹ್ನ 2 ಗಂಟೆಗೆ ಬಂದ ಮನೆಯ ದೂರಿನ ಗಡುವು ಸಂಜೆ 6. ಸಂಜೆ 5.30ಕ್ಕೆ ಬಂದ ಟ್ರಾನ್ಸ್‌ಫಾರ್ಮರ್ ದೂರಿನ ಗಡುವು 6.30. ಮನೆಯ ದೂರು ಮುಂದಾಯಿತು. ಕಾದವರು ತಾವಾಗಿಯೇ ಮುಂದೆ ಬರುತ್ತಾರೆ, ಹೀಪ್‌ನಲ್ಲಿರುವ ಸಂಖ್ಯೆಗಳನ್ನು ಆಗಾಗ ತಿದ್ದುವ ಕೆಲಸವಿಲ್ಲ.

ಆದರೆ ತಂತಿ ಬಿದ್ದ ದೂರಿಗೆ ಈ ಲೆಕ್ಕ ಸಲ್ಲದು. 6.10ಕ್ಕೆ ಬಂದ ಅದಕ್ಕೆ ಏನನ್ನೂ ಕೂಡಿಸದಿದ್ದರೂ ಗಡುವು 6.10 ಆಗುತ್ತದೆ, 6ರ ಮನೆಯ ಹಿಂದೆ ನಿಲ್ಲುತ್ತದೆ. ಜೀವಾಪಾಯವನ್ನು ನಿಮಿಷಗಳಲ್ಲಿ ಅಳೆಯಬಾರದು ಎಂಬುದು ನನ್ನ ನಿಲುವು. ಆದ್ದರಿಂದ ಎಲ್ಲಕ್ಕೂ ಮುಂದೆ ಇನ್ನೊಂದು ಅಂಕಿ ಇಟ್ಟೆ: ಅಪಾಯವಿದ್ದರೆ 0, ಇಲ್ಲದಿದ್ದರೆ 1. ಆಮೇಲೆ ಗಡುವು, ಆಮೇಲೆ ಕ್ರಮಸಂಖ್ಯೆ. ಸಮಯವನ್ನು ದಿನದ ನಿಮಿಷಗಳಲ್ಲಿ ಎಣಿಸಬೇಡಿ, ನಡುರಾತ್ರಿ ಎಣಿಕೆ ಸೊನ್ನೆಗೆ ಮರಳುತ್ತದೆ. ರಾತ್ರಿ 11.50ರ ಟ್ರಾನ್ಸ್‌ಫಾರ್ಮರ್ ದೂರಿನ ಗಡುವು 1490 ಆದರೆ 12.10ರದ್ದು 70 ಆಗಿ ಮುಂದೆ ಜಿಗಿಯುತ್ತದೆ. `time.time()` ಕೊಡುವ, ನಡುರಾತ್ರಿ ಸೊನ್ನೆಗೆ ಮರಳದ ಸೆಕೆಂಡುಗಳ ಎಣಿಕೆ ಇದಕ್ಕೆ ಸಾಕು.

ಕೊನೆಗೆ ನಿಮ್ಮ ಪ್ರಿಂಟ್ ವಿಷಯ. ಎಲ್ಲವನ್ನೂ ಸಾಲಾಗಿ ನೋಡಬೇಕಿದ್ದರೆ `sorted(heap)` ಎಂದು ಪ್ರಿಂಟ್ ಮಾಡಿ, ಮೂಲ ಪಟ್ಟಿಗೆ ಏನೂ ಆಗುವುದಿಲ್ಲ. ಹೀಪ್ ಕೆಟ್ಟಿದೆಯೇ ಎಂಬ ಅನುಮಾನ ಬಂದರೆ ಈ ಒಂದು ಸಾಲನ್ನು ನಡೆಸಿ:

```python
all(heap[(i - 1) // 2] <= heap[i] for i in range(1, len(heap)))
```

ಪ್ರತಿಯೊಂದನ್ನೂ ಅದರ ತಾಯಿಯೊಡನೆ ಹೋಲಿಸುವುದಷ್ಟೇ ಇದರ ಕೆಲಸ. ಯಾರಾದರೂ `heappush` ಬಿಟ್ಟು `heap.append` ಬಳಸಿದ್ದರೆ, ಅಥವಾ ಸಾದಾ ದೂರು ತಂತಿಯ ದೂರೆಂದು ತಿಳಿದಾಗ `heap[3] = 1` ಎಂದು ನೇರವಾಗಿ ತಿದ್ದಿದ್ದರೆ, ಇದು `False` ಎನ್ನಬಹುದು. ಆಗ `heapq.heapify(heap)` ಎಂದು ಒಮ್ಮೆ ಕರೆದರೆ ಪಟ್ಟಿ ಮತ್ತೆ ಮಾತಿಗೆ ಬದ್ಧವಾಗುತ್ತದೆ. ನೀವು ಕಳುಹಿಸಿದ ಏಳು ಸಂಖ್ಯೆಗಳಿಗೆ ನಡೆಸಿ ನೋಡಿದೆ, `True` ಬಂತು.